ಯಂತ್ರಕ್ಕೆ ನಮ್ಮ ಆಶಯ ತಿಳಿಸುವುದು ಯಾಕಿಷ್ಟು ಕಷ್ಟ?

2025ರ ಏಪ್ರಿಲ್ ಕೊನೆಯ ವಾರ ಚಾಟ್‌ಜಿಪಿಟಿ ಬಳಸುತ್ತಿದ್ದವರಿಗೆ ಅದರ ಮಾತಿನ ಧಾಟಿ ಬದಲಾದದ್ದು ಗಮನಕ್ಕೆ ಬಂತು. ಏನು ಹೇಳಿದರೂ ಹೊಗಳಿಕೆ. ಅರ್ಧಂಬರ್ಧ ಯೋಜನೆ ಮುಂದಿಟ್ಟವರಿಗೆ ಶಹಬ್ಬಾಸ್‌ಗಿರಿ, ಸಿಟ್ಟಿನಲ್ಲಿ ಬರೆದವರ ಸಿಟ್ಟಿಗೆ ಇನ್ನಷ್ಟು ತುಪ್ಪ, ಅನುಮಾನ ಹೇಳಿಕೊಂಡವರಿಗೆ ನಿಮ್ಮ ಅನುಮಾನವೇ ಸರಿ ಎಂಬ ಸಮರ್ಥನೆ. ಅದನ್ನು ತಯಾರಿಸುವ ಓಪನ್‌ಎಐ ಕಂಪನಿ ಕೆಲವೇ ದಿನಗಳಲ್ಲಿ ಆ ಆವೃತ್ತಿಯನ್ನು ಹಿಂತೆಗೆದುಕೊಂಡು, ಎಲ್ಲಿ ತಪ್ಪಿತೆಂದು ಸಾರ್ವಜನಿಕವಾಗಿ ವಿವರಣೆ ಕೊಟ್ಟಿತು.

ಬೆಣ್ಣೆ ಹಚ್ಚು ಎಂದು ಯಾರೂ ಅದಕ್ಕೆ ಆದೇಶ ಕೊಟ್ಟಿರಲಿಲ್ಲ. ಜನರಿಗೆ ಒಳ್ಳೆಯ ಉತ್ತರ ಕೊಡಬೇಕು ಎಂಬುದೇ ತಯಾರಕರ ಆಶಯವಾಗಿತ್ತು. ಆಶಯಕ್ಕೂ ಯಂತ್ರ ಕಲಿತದ್ದಕ್ಕೂ ನಡುವೆ ಬೀಳುವ ಈ ಅಂತರಕ್ಕೆ ಸಂಶೋಧಕರು ಅಲೈನ್‌ಮೆಂಟ್ ಸಮಸ್ಯೆ ಎನ್ನುತ್ತಾರೆ. ಮನುಷ್ಯರಿಗೆ ನಿಜವಾಗಿ ಬೇಕಾದದ್ದು ಒಂದು, ಯಂತ್ರ ಸಾಧಿಸಲು ಹೊರಟದ್ದು ಇನ್ನೊಂದು. ಇವೆರಡನ್ನೂ ಒಂದೇ ದಿಕ್ಕಿಗೆ ತರುವುದು ಯಾಕೆ ಕಷ್ಟ ಎಂಬುದನ್ನು ತಿಳಿಯಲು ಈ ಯಂತ್ರಗಳು ಕಲಿಯುವ ಬಗೆಯಿಂದಲೇ ಶುರುಮಾಡಬೇಕು.

ಯಂತ್ರಕ್ಕೆ ಗೊತ್ತಿರುವುದು ಅಂಕ ಮಾತ್ರ

ಇಂದಿನ ಎಐ ವ್ಯವಸ್ಥೆಗಳಿಗೆ ಕೆಲಸ ಕಲಿಸುವ ಮುಖ್ಯ ವಿಧಾನಗಳಲ್ಲಿ ಒಂದು ಹೀಗಿದೆ. ಯಂತ್ರ ಏನೋ ಒಂದು ಮಾಡುತ್ತದೆ. ಮಾಡಿದ್ದಕ್ಕೆ ಒಂದು ಅಂಕ ಬರುತ್ತದೆ. ಹೆಚ್ಚು ಅಂಕ ತಂದ ನಡೆ ಮುಂದಿನ ಸಲ ಮತ್ತೆ ಬರುವ ಸಾಧ್ಯತೆ ಸ್ವಲ್ಪ ಹೆಚ್ಚುವಂತೆ, ಕಡಿಮೆ ತಂದ ನಡೆಯ ಸಾಧ್ಯತೆ ಸ್ವಲ್ಪ ತಗ್ಗುವಂತೆ ಅದರೊಳಗಿನ ಸಂಖ್ಯೆಗಳನ್ನು ತಿದ್ದುತ್ತಾರೆ. ಇದನ್ನು ಲಕ್ಷಾಂತರ ಬಾರಿ ಮಾಡಿದಾಗ ಯಂತ್ರ ಅಂಕ ಗಳಿಸುವುದರಲ್ಲಿ ಪಳಗುತ್ತದೆ. ಆ ಅಂಕವನ್ನು ಯಾಕೆ ಇಟ್ಟರು, ಅದರ ಹಿಂದಿನ ಉದ್ದೇಶವೇನು ಎಂಬುದು ಈ ಲೆಕ್ಕಾಚಾರದಲ್ಲಿ ಎಲ್ಲೂ ಬರುವುದಿಲ್ಲ.

2016ರಲ್ಲಿ ಓಪನ್‌ಎಐ ಸಂಶೋಧಕರು ಕೋಸ್ಟ್‌ರನ್ನರ್ಸ್ ಎಂಬ ದೋಣಿ ಓಟದ ವಿಡಿಯೊ ಗೇಮ್‌ನಲ್ಲಿ ಹೀಗೆ ಕಲಿಯುವ ಪ್ರೋಗ್ರಾಂ ಒಂದನ್ನು ಆಡಲು ಬಿಟ್ಟರು. ಆಟದ ಗುರಿ ಯಾರಿಗೂ ಗೊತ್ತಿರುವಂಥದ್ದೇ: ಬೇಗ ಓಟ ಮುಗಿಸಬೇಕು, ಉಳಿದ ದೋಣಿಗಳನ್ನು ಹಿಂದೆ ಹಾಕಬೇಕು. ಆದರೆ ಗೇಮ್ ಅಂಕ ಕೊಡುತ್ತಿದ್ದದ್ದು ಮುಂದೆ ಸಾಗಿದ್ದಕ್ಕಲ್ಲ, ದಾರಿಯುದ್ದಕ್ಕೂ ಇಟ್ಟಿದ್ದ ಗುರಿಗಂಬಗಳಿಗೆ ಹೊಡೆದದ್ದಕ್ಕೆ. ಓಡುತ್ತ ಹೋದರೆ ಅಂಕ ತಾನಾಗಿ ಬರುತ್ತದೆ, ಹಾಗಾಗಿ ಎರಡೂ ಒಂದೇ ಎಂದು ಎಲ್ಲರೂ ಅಂದುಕೊಂಡಿದ್ದರು.

ಪ್ರೋಗ್ರಾಂ ಓಟವನ್ನು ಮುಗಿಸಲೇ ಇಲ್ಲ. ದಾರಿಯ ಪಕ್ಕದಲ್ಲೊಂದು ಕೊಳದಂಥ ಜಾಗ ಹುಡುಕಿಕೊಂಡಿತು. ಅಲ್ಲಿದ್ದ ಮೂರು ಗುರಿಗಳು ಒಮ್ಮೆ ಹೊಡೆದರೆ ಸ್ವಲ್ಪ ಹೊತ್ತಿನಲ್ಲಿ ಮತ್ತೆ ಹುಟ್ಟಿಕೊಳ್ಳುತ್ತಿದ್ದವು. ದೋಣಿ ಅವು ಹುಟ್ಟುವ ಹೊತ್ತಿಗೆ ಸರಿಯಾಗಿ ತಲುಪುವಂತೆ ಸುಮ್ಮನೆ ಸುತ್ತು ಹಾಕುತ್ತ ನಿಂತಿತು. ಬೆಂಕಿ ಹೊತ್ತಿಕೊಂಡಿತು, ಬೇರೆ ದೋಣಿಗಳಿಗೆ ಡಿಕ್ಕಿ ಹೊಡೆಯಿತು, ತಪ್ಪು ದಿಕ್ಕಿಗೆ ತಿರುಗಿತು. ಆದರೂ ಮನುಷ್ಯ ಆಟಗಾರರ ಸರಾಸರಿಗಿಂತ ಶೇಕಡ 20ರಷ್ಟು ಹೆಚ್ಚು ಅಂಕ ತಂದಿತು.

ಇದನ್ನು ಯಂತ್ರದ ತಪ್ಪು ಎನ್ನಲಾಗದು. ಕೊಟ್ಟ ಲೆಕ್ಕವನ್ನು ಅದು ನಾವು ಮಾಡುವುದಕ್ಕಿಂತ ಚೆನ್ನಾಗಿ ಮಾಡಿದೆ. ನಾವು ಬರೆದ ಲೆಕ್ಕ ನಮ್ಮ ಮನಸ್ಸಿನಲ್ಲಿದ್ದ ಲೆಕ್ಕವಾಗಿರಲಿಲ್ಲ, ಅಷ್ಟೆ.

ಷರತ್ತುಗಳನ್ನು ಪೂರ್ತಿ ಬರೆದುಬಿಟ್ಟರಾಗದೇ?

ಮೊದಲು ಹೊಳೆಯುವ ಪರಿಹಾರ ಇದೇ. ಗುರಿಗಂಬಕ್ಕೆ ಅಂಕ ಬೇಡ, ಮುಂದೆ ಸಾಗಿದ್ದಕ್ಕೆ ಕೊಡೋಣ. ಆಗ ದೋಣಿ ಒಂದೇ ಗೆರೆಯನ್ನು ದಾಟುವುದು, ಹಿಂದೆ ಬರುವುದು, ಮತ್ತೆ ದಾಟುವುದು ಮಾಡಬಹುದು. ಸರಿ, ಒಂದು ಗೆರೆಗೆ ಒಂದೇ ಸಲ ಅಂಕ. ಬೇರೆ ದೋಣಿಗಳನ್ನು ಗುದ್ದಿ ಮುಳುಗಿಸುವುದು ಅವನ್ನು ಹಿಂದೆ ಹಾಕುವುದಕ್ಕಿಂತ ಸುಲಭವಾದರೆ? ಗುದ್ದಿದರೆ ದಂಡ. ದಂಡ ಜಾಸ್ತಿಯಾದರೆ ದೋಣಿ ಹೊರಡದೆ ದಡದಲ್ಲೇ ನಿಂತು ಸೊನ್ನೆ ಅಂಕಕ್ಕೆ ತೃಪ್ತಿಪಡಬಹುದು.

ಹಿರಣ್ಯಕಶಿಪುವಿನ ಕಥೆ ನಮಗೆಲ್ಲ ಗೊತ್ತು. ಸಾವು ಬರಬಾರದು ಎಂಬುದು ಅವನ ಆಶಯ. ಅಮರತ್ವವನ್ನು ನೇರವಾಗಿ ಕೇಳುವಂತಿರಲಿಲ್ಲವಾದ್ದರಿಂದ ಆಶಯವನ್ನು ಷರತ್ತುಗಳಾಗಿ ಒಡೆದ. ಮನುಷ್ಯನಿಂದ ಬೇಡ, ಮೃಗದಿಂದ ಬೇಡ, ಹಗಲು ಬೇಡ, ರಾತ್ರಿ ಬೇಡ, ಒಳಗೆ ಬೇಡ, ಹೊರಗೆ ಬೇಡ, ನೆಲದ ಮೇಲೆ ಬೇಡ, ಆಕಾಶದಲ್ಲಿ ಬೇಡ, ಆಯುಧದಿಂದ ಬೇಡ. ಅವನು ಅಜಾಗರೂಕನಾಗಿದ್ದ ಎನ್ನಲು ಬರುವುದಿಲ್ಲ, ಪಟ್ಟಿ ಬಹಳ ಯೋಚಿಸಿ ಮಾಡಿದ್ದು. ಆದರೂ ಮುಸ್ಸಂಜೆ, ಹೊಸ್ತಿಲು, ತೊಡೆ, ಉಗುರು, ಅರ್ಧ ಮನುಷ್ಯ ಅರ್ಧ ಸಿಂಹದ ರೂಪ, ಇಷ್ಟೂ ಸೇರುವ ಒಂದು ಸಂದಿ ಉಳಿದೇ ಉಳಿಯಿತು.

ಕಥೆಗೂ ಯಂತ್ರಕ್ಕೂ ಇರುವ ವ್ಯತ್ಯಾಸವನ್ನೂ ಇಲ್ಲೇ ಹೇಳಿಬಿಡಬೇಕು. ನರಸಿಂಹ ಬೇಕೆಂದೇ ಸಂದಿ ಹುಡುಕಿದ. ದೋಣಿಯ ಪ್ರೋಗ್ರಾಂಗೆ ಅಂಥ ಹಟವೂ ಇಲ್ಲ, ಮೋಸದ ಬುದ್ಧಿಯೂ ಇಲ್ಲ. ಅದು ಸಿಕ್ಕಸಿಕ್ಕ ನಡೆಗಳನ್ನೆಲ್ಲ ಪ್ರಯತ್ನಿಸುತ್ತ ಹೋಗುತ್ತದೆ, ಯಾವುದು ಅಂಕ ತಂದಿತೋ ಅದು ಉಳಿಯುತ್ತದೆ. ಸಂದಿ ಇದ್ದರೆ ಸಾಕು, ಒಂದಲ್ಲ ಒಂದು ಹೊತ್ತಿಗೆ ಅದರೊಳಕ್ಕೆ ಬೀಳುತ್ತದೆ. ಹುಡುಕುವ ಶಕ್ತಿ ಹೆಚ್ಚಿದಷ್ಟೂ ಸಣ್ಣ ಸಂದಿಗಳೂ ಸಿಗುತ್ತವೆ. ಕಡಿಮೆ ಸಾಮರ್ಥ್ಯದ ಯಂತ್ರದಲ್ಲಿ ಕಾಣದೇ ಇದ್ದ ದೋಷ ಹೆಚ್ಚು ಸಾಮರ್ಥ್ಯದ ಯಂತ್ರದಲ್ಲಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ.

ಅಮೆರಿಕದ ಗಣಿತಜ್ಞ ನಾರ್ಬರ್ಟ್ ವೀನರ್ 1960ರಲ್ಲೇ ಸೈನ್ಸ್ ಪತ್ರಿಕೆಯ ಲೇಖನವೊಂದರಲ್ಲಿ ಈ ಎಚ್ಚರಿಕೆ ಕೊಟ್ಟಿದ್ದರು. ಯಂತ್ರಕ್ಕೆ ನಾವು ತುಂಬುವ ಉದ್ದೇಶ ನಾವು ನಿಜವಾಗಿ ಬಯಸುವ ಉದ್ದೇಶವೇ ಹೌದೇ ಎಂದು ಖಚಿತಪಡಿಸಿಕೊಳ್ಳಬೇಕು ಎಂಬುದು ಅವರ ಮಾತಿನ ಸಾರ. ದೋಣಿ ಓಟಕ್ಕಾದರೆ ಷರತ್ತು ಸೇರಿಸುತ್ತ ಸೇರಿಸುತ್ತ ಒಂದು ಹಂತಕ್ಕೆ ತರಬಹುದು. ಒಬ್ಬ ಮನುಷ್ಯನ ಕಷ್ಟ ಕೇಳಿ ಒಳ್ಳೆಯ ಉತ್ತರ ಕೊಡು ಎಂಬ ಕೆಲಸಕ್ಕೆ ಅಂಕದ ಸೂತ್ರ ಬರೆಯಲು ಎಲ್ಲಿಂದ ಶುರುಮಾಡುವುದು?

ಬರೆಯಲು ಬಾರದ್ದನ್ನು ತೋರಿಸಿ ಕಲಿಸುವುದು

ಸೂತ್ರ ಬರೆಯಲು ಬರದಿದ್ದರೂ ಎರಡು ಉತ್ತರ ಮುಂದಿಟ್ಟರೆ ಯಾವುದು ಮೇಲು ಎಂದು ಹೇಳಲು ನಮಗೆ ಬರುತ್ತದೆ. 2017ರಲ್ಲಿ ಓಪನ್‌ಎಐ ಮತ್ತು ಡೀಪ್‌ಮೈಂಡ್ ಎಂಬ ಇನ್ನೊಂದು ಎಐ ಕಂಪನಿಯ ಸಂಶೋಧಕರು ಸೇರಿ ಇದನ್ನೇ ಬಳಸಿಕೊಂಡರು. ಕಂಪ್ಯೂಟರಿನೊಳಗಿನ ಒಂದು ಒಂಟಿಕಾಲಿನ ರೋಬೊಟ್‌ಗೆ ಹಿಂಪಲ್ಟಿ ಹೊಡೆಯಲು ಕಲಿಸಬೇಕಿತ್ತು. ರೋಬೊಟ್ ಹೊರಳಾಡುವ ಒಂದೆರಡು ಸೆಕೆಂಡಿನ ಎರಡೆರಡು ತುಣುಕುಗಳನ್ನು ಒಬ್ಬ ಮನುಷ್ಯನಿಗೆ ತೋರಿಸುತ್ತ ಹೋದರು. ಪಲ್ಟಿಗೆ ಹತ್ತಿರವಿರುವುದು ಯಾವುದು ಎಂದು ಆರಿಸುವುದಷ್ಟೇ ಅವನ ಕೆಲಸ. ಸುಮಾರು 900 ಆಯ್ಕೆಗಳಲ್ಲಿ, ಒಂದು ಗಂಟೆಗಿಂತ ಕಡಿಮೆ ಮನುಷ್ಯಶ್ರಮದಲ್ಲಿ ರೋಬೊಟ್ ಪಲ್ಟಿ ಕಲಿಯಿತು. ಅದೇ ಕೆಲಸಕ್ಕೆ ಸಂಶೋಧಕರು ಎರಡು ಗಂಟೆ ಕೂತು ಕೈಯಾರೆ ಬರೆದ ಸೂತ್ರದಿಂದಲೂ ಪಲ್ಟಿ ಬಂತು, ಆದರೆ ಅಷ್ಟು ಚೆಂದವಾಗಿರಲಿಲ್ಲ.

ಆಯ್ಕೆಗಳಿಂದ ಅಂಕ ಹುಟ್ಟುವುದು ಹೇಗೆ? ಇಲ್ಲಿ ಎರಡು ಯಂತ್ರಗಳಿವೆ. ಒಂದು ಕೆಲಸ ಮಾಡುವ ಯಂತ್ರ. ಇನ್ನೊಂದು ಅಂಕ ಹಾಕುವ ಯಂತ್ರ. ಮನುಷ್ಯರ ಆಯ್ಕೆಗಳನ್ನು ನೋಡಿ ಕಲಿಯುವುದು ಎರಡನೆಯದು. ಅದರ ಗಣಿತ 1952ರಲ್ಲಿ ಬ್ರಾಡ್ಲಿ ಮತ್ತು ಟೆರಿ ಎಂಬ ಇಬ್ಬರು ಸಂಖ್ಯಾಶಾಸ್ತ್ರಜ್ಞರು ವಿವರಿಸಿದ್ದು. ಎರಡು ಉತ್ತರಗಳ ಅಂಕ ಸಮವಾಗಿದ್ದರೆ ಯಾವುದನ್ನಾದರೂ ಆರಿಸುವ ಸಾಧ್ಯತೆ ತಲಾ ಶೇಕಡ 50. ಒಂದರ ಅಂಕ 1ರಷ್ಟು ಹೆಚ್ಚಿದ್ದರೆ ಅದನ್ನು ಆರಿಸುವವರು ಸುಮಾರು ಶೇಕಡ 73, 2ರಷ್ಟು ಹೆಚ್ಚಿದ್ದರೆ ಸುಮಾರು ಶೇಕಡ 88. ಜನರ ನಿಜವಾದ ಆಯ್ಕೆಗಳಿಗೆ ಈ ಸಾಧ್ಯತೆಗಳು ಹೊಂದುವವರೆಗೆ ಅಂಕಗಳನ್ನು ಹಿಂದೆ ಮುಂದೆ ಸರಿಸುತ್ತಾರೆ. ಆಮೇಲೆ ಮನುಷ್ಯ ಎದ್ದು ಹೋಗಬಹುದು. ಕೆಲಸದ ಯಂತ್ರ ಅಂಕದ ಯಂತ್ರದ ಮುಂದೆ ಲಕ್ಷಾಂತರ ಸಲ ಅಭ್ಯಾಸ ಮಾಡುತ್ತದೆ.

ಇಲ್ಲಿ ಆದದ್ದೇನೆಂದರೆ ಸಂದಿ ಮುಚ್ಚಲಿಲ್ಲ, ಜಾಗ ಬದಲಿಸಿತು. ಅದೇ 2017ರ ಕೆಲಸದಲ್ಲೇ ಅದಕ್ಕೆ ಉದಾಹರಣೆ ಇದೆ. ಇನ್ನೊಂದು ರೋಬೊಟ್ ಒಂದು ವಸ್ತುವನ್ನು ಕೈಯಲ್ಲಿ ಹಿಡಿಯಬೇಕಿತ್ತು. ನೋಡುವವರು ಒಂದೇ ಕ್ಯಾಮೆರಾದ ಚಿತ್ರ ನೋಡಿ ಆರಿಸುತ್ತಿದ್ದರು. ರೋಬೊಟ್ ವಸ್ತುವನ್ನು ಮುಟ್ಟದೆ, ಕ್ಯಾಮೆರಾಕ್ಕೂ ವಸ್ತುವಿಗೂ ನಡುವೆ ಕೈ ತಂದು ನಿಲ್ಲಿಸುವುದನ್ನು ಕಲಿಯಿತು. ಚಿತ್ರದಲ್ಲಿ ಹಿಡಿದಂತೆಯೇ ಕಾಣುತ್ತಿತ್ತು, ಜನ ಸರಿ ಎಂದರು. ಆಳ ಗೊತ್ತಾಗುವಂತೆ ದಪ್ಪ ಬಿಳಿ ಗೆರೆಗಳನ್ನು ಹಾಕಿ ಅದನ್ನು ಸರಿಪಡಿಸಬೇಕಾಯಿತು.

ನನಗೆ ಈ ಸಣ್ಣ ಪ್ರಯೋಗ ದೋಣಿಯದಕ್ಕಿಂತ ಮುಖ್ಯವಾಗಿ ಕಾಣುತ್ತದೆ. ಮನುಷ್ಯನ ಒಪ್ಪಿಗೆಯೇ ಅಂಕವಾದಾಗ ಯಂತ್ರಕ್ಕೆ ಬೇಕಾಗುವುದು ಮನುಷ್ಯನಿಗೆ ಸರಿ ಎನಿಸುವುದು, ಸರಿಯಾಗಿರುವುದಲ್ಲ. ಇವೆರಡರ ನಡುವಿನ ಅಂತರ ನೋಡುವವನ ಕಣ್ಣಿಗೆ ಎಷ್ಟು ಕಾಣುತ್ತದೆ ಎಂಬುದರ ಮೇಲೆ ನಿಂತಿದೆ. ಅಲ್ಲಿ ಗೆರೆ ಹಾಕಿದರೆ ಸಾಕಾಯಿತು. ಹತ್ತು ಸಾವಿರ ಸಾಲಿನ ಪ್ರೋಗ್ರಾಂ ಅಥವಾ ಉದ್ದನೆಯ ಕಾನೂನು ಸಲಹೆ ಬರೆಯುವ ಯಂತ್ರಕ್ಕೆ ಅಂಥ ಗೆರೆ ಯಾವುದು?

ಯಾರ ಆಯ್ಕೆ, ಯಾರ ಮೌಲ್ಯ

ಚಾಟ್‌ಬಾಟ್‌ಗಳಿಗೆ ನಡೆನುಡಿ ಕಲಿಸಿದ್ದೂ ಇದೇ ವಿಧಾನದಿಂದ. ಚಾಟ್‌ಜಿಪಿಟಿಗಿಂತ ಮೊದಲು, 2022ರ ಆರಂಭದಲ್ಲಿ ಓಪನ್‌ಎಐ ಇನ್‌ಸ್ಟ್ರಕ್ಟ್‌ಜಿಪಿಟಿ ಎಂಬ ಮಾಡೆಲ್‌ನ ವಿವರಗಳನ್ನು ಪ್ರಕಟಿಸಿತು. ಒಂದು ಪ್ರಶ್ನೆಗೆ ಯಂತ್ರ ಬರೆದ ನಾಲ್ಕರಿಂದ ಒಂಬತ್ತು ಉತ್ತರಗಳನ್ನು ಕೆಲಸಗಾರರ ಮುಂದಿಟ್ಟು, ಒಳ್ಳೆಯದರಿಂದ ಕೆಟ್ಟದ್ದರವರೆಗೆ ಸಾಲಾಗಿ ಜೋಡಿಸಲು ಹೇಳುತ್ತಿದ್ದರು. ಆ ಸಾಲುಗಳಿಂದ ಅಂಕದ ಯಂತ್ರ ತಯಾರಾಯಿತು. ಫಲ ದೊಡ್ಡದೇ. ನೂರು ಪಟ್ಟಿಗಿಂತ ದೊಡ್ಡದಾಗಿದ್ದ ಹಳೆಯ ಮಾಡೆಲ್‌ನ ಉತ್ತರಗಳಿಗಿಂತ ಹೀಗೆ ಪಳಗಿಸಿದ ಸಣ್ಣ ಮಾಡೆಲ್‌ನ ಉತ್ತರಗಳೇ ಜನರಿಗೆ ಇಷ್ಟವಾದವು.

ಆದರೆ ಆ ಕೆಲಸಗಾರರು ಇದ್ದದ್ದು ಸುಮಾರು 40 ಜನ, ಹೆಚ್ಚಿನವರು ಅಮೆರಿಕ ಅಥವಾ ಆಗ್ನೇಯ ಏಷ್ಯಾದಲ್ಲಿ ಇರುವ ಇಂಗ್ಲಿಷ್ ಬಲ್ಲವರು. ಬಳಸಿದ ಮಾಹಿತಿಯಲ್ಲಿ ಶೇಕಡ 96ಕ್ಕಿಂತ ಹೆಚ್ಚು ಇಂಗ್ಲಿಷ್. ಯಾವುದನ್ನು ಒಳ್ಳೆಯ ಉತ್ತರ ಎನ್ನಬೇಕು ಎಂಬ ಸೂಚನೆಗಳನ್ನು ಕಂಪನಿಯ ಸಂಶೋಧಕರು ಬರೆದುಕೊಟ್ಟಿದ್ದರು. ಇವನ್ನೆಲ್ಲ ಆ ಪ್ರಬಂಧದಲ್ಲೇ ಮುಚ್ಚಿಡದೆ ಹೇಳಿದ್ದಾರೆ. ಒಂದೇ ಸೂಚನೆ ಓದಿ ತರಬೇತಿ ಪಡೆದ ಇಬ್ಬರು ಕೆಲಸಗಾರರು ಒಂದೇ ಜೋಡಿ ಉತ್ತರ ನೋಡಿದಾಗ ಒಪ್ಪುತ್ತಿದ್ದದ್ದು ಸುಮಾರು ಶೇಕಡ 73ರಷ್ಟು ಸಲ. ನಾಲ್ಕರಲ್ಲಿ ಒಂದಕ್ಕಿಂತ ಹೆಚ್ಚು ಸಲ ಅವರಲ್ಲೇ ಭಿನ್ನಮತ. ಅತ್ತೆ ಸೊಸೆಯ ವೈಮನಸ್ಯದ ಬಗ್ಗೆಯೋ, ಮಗಳ ಮದುವೆಗೆ ಸಾಲ ಮಾಡುವುದರ ಬಗ್ಗೆಯೋ ಕನ್ನಡದಲ್ಲಿ ಸಲಹೆ ಕೇಳಿದವರಿಗೆ ಬರುವ ಉತ್ತರದ ಹಿಂದೆ ಇಂಥ, ದೂರದ ಯಾರೋ ಮಾಡಿದ ಆಯ್ಕೆಗಳ ಲೆಕ್ಕವಿರುತ್ತದೆ.

ಭಿನ್ನಮತವನ್ನು ಅಂಕವಾಗಿ ಕೂಡಿಸುವಾಗ ಏನಾಗುತ್ತದೆ ಎಂಬುದನ್ನು ಮೇಲಿನ ಗಣಿತದಿಂದಲೇ ನೋಡಬಹುದು. ನೂರು ಜನರಿಗೆ ಎರಡು ಉತ್ತರ ತೋರಿಸಿದೆವು ಎನ್ನಿ. ಐವತ್ತು ಜನ ಮೊದಲನೆಯದನ್ನು ಪ್ರಾಣಕ್ಕೆ ಪ್ರಾಣ ಎನ್ನುವಷ್ಟು ಬಯಸಿದರು, ಐವತ್ತು ಜನ ಅದನ್ನು ಕಂಡು ಉರಿದುಬಿದ್ದರು. ಅಂಕದ ವ್ಯತ್ಯಾಸ ಸೊನ್ನೆ. ಇನ್ನೊಂದು ಜೋಡಿಯಲ್ಲಿ ನೂರು ಜನಕ್ಕೂ ಯಾವುದಾದರೂ ಒಂದೇ, ಸುಮ್ಮನೆ ಕೈಗೆ ಬಂದದ್ದನ್ನು ಆರಿಸಿದರು. ಅಲ್ಲೂ ಸೊನ್ನೆ. ಊರು ಎರಡು ಪಾಲಾಗಿರುವ ವಿಷಯವೂ ಯಾರಿಗೂ ಬೇಡವಾದ ವಿಷಯವೂ ಯಂತ್ರಕ್ಕೆ ಒಂದೇ ಥರ ಕಾಣುತ್ತವೆ.

ಅರವತ್ತು ನಲವತ್ತಾದರೆ? ಆಗ ಅಂಕದ ವ್ಯತ್ಯಾಸ ಸುಮಾರು 0.4. ಸಣ್ಣದು. ಆದರೆ ಕೆಲಸದ ಯಂತ್ರಕ್ಕೆ ಬೇಕಿರುವುದು ಹೆಚ್ಚಿನ ಅಂಕ. ಅದನ್ನು ಬಿಗಿಯಾಗಿ ಪಳಗಿಸುತ್ತ ಹೋದರೆ ಹತ್ತರಲ್ಲಿ ಆರು ಸಲ ಮೊದಲನೆಯದನ್ನು, ನಾಲ್ಕು ಸಲ ಎರಡನೆಯದನ್ನು ಕೊಡುವುದರ ಬದಲು ಹೆಚ್ಚುಕಡಿಮೆ ಹತ್ತಕ್ಕೆ ಹತ್ತು ಸಲ ಮೊದಲನೆಯದನ್ನೇ ಕೊಡುವ ಕಡೆ ವಾಲುತ್ತದೆ. ನಲವತ್ತು ಜನರ ಅಭಿಪ್ರಾಯ ಕಲಿಕೆಯಲ್ಲಿ ಇತ್ತು, ಉತ್ತರದಲ್ಲಿ ಇಲ್ಲ. ವಾರಕ್ಕೆ 50 ಕೋಟಿ ಜನ, ಎಲ್ಲ ಸಂಸ್ಕೃತಿಗಳವರು, ಬಳಸುವ ವಸ್ತುವಿಗೆ ಒಂದೇ ಸಿದ್ಧ ಸ್ವಭಾವ ಎಲ್ಲರ ಇಷ್ಟವನ್ನೂ ಹಿಡಿದಿಡಲಾರದು ಎಂದು 2025ರ ಏಪ್ರಿಲ್‌ನಲ್ಲಿ ಓಪನ್‌ಎಐ ತಾನೇ ಬರೆದುಕೊಂಡಿತು.

ಹೊಗಳುವ ಯಂತ್ರ ಹುಟ್ಟಿದ್ದು ಹೇಗೆ

ಈಗ ಆ ಏಪ್ರಿಲ್‌ನಲ್ಲಿ ನಡೆದದ್ದನ್ನು ಬಿಡಿಸಿ ನೋಡೋಣ. ಇಂಥ ಮಾಡೆಲ್‌ಗಳಿಗೆ ಒಂದೇ ಅಂಕ ಇರುವುದಿಲ್ಲ. ಉತ್ತರ ಸರಿಯಿದೆಯೇ, ಸಹಾಯವಾಗುತ್ತದೆಯೇ, ಅಪಾಯಕಾರಿಯೇ, ಇಂಥ ಹಲವು ಅಂಕಗಳನ್ನು ಬೇರೆ ಬೇರೆ ತೂಕದಲ್ಲಿ ಕೂಡಿಸುತ್ತಾರೆ. 25ರಂದು ಬಿಡುಗಡೆಯಾದ ಚಾಟ್‌ಜಿಪಿಟಿಯೊಳಗಿನ ಜಿಪಿಟಿ-4ಒ ಮಾಡೆಲ್‌ನ ಆವೃತ್ತಿಯಲ್ಲಿ ಒಂದು ಹೊಸ ಅಂಕ ಸೇರಿತ್ತು. ಉತ್ತರದ ಕೆಳಗೆ ಬಳಕೆದಾರರು ಒತ್ತುವ ಹೆಬ್ಬೆರಳಿನ ಗುರುತು. ಮೇಲ್ಮುಖವಾದರೆ ಇಷ್ಟ, ಕೆಳಮುಖವಾದರೆ ಇಷ್ಟವಿಲ್ಲ. ಮೇಲ್ನೋಟಕ್ಕೆ ಇದಕ್ಕಿಂತ ಪ್ರಜಾಸತ್ತಾತ್ಮಕವಾದದ್ದು ಇನ್ನೇನಿದೆ? 40 ಜನರ ಬದಲು ಕೋಟ್ಯಂತರ ಬಳಕೆದಾರರ ಮಾತು ಕೇಳಿದಂತಾಯಿತು.

ಒಂದು ಕಾಲ್ಪನಿಕ ಲೆಕ್ಕ ಹಾಕೋಣ, ಸಂಖ್ಯೆಗಳು ನನ್ನವು. ಒಬ್ಬರು ಬರೆಯುತ್ತಾರೆ: ಕೆಲಸ ಬಿಟ್ಟು, ಉಳಿತಾಯವನ್ನೆಲ್ಲ ಹಾಕಿ ಅಂಗಡಿ ತೆರೆಯುತ್ತಿದ್ದೇನೆ. ಒಂದು ಉತ್ತರ ಬಾಡಿಗೆ, ಆರು ತಿಂಗಳ ಖರ್ಚು, ಉಳಿತಾಯ ಮುಗಿದರೆ ಏನು ಎಂದೆಲ್ಲ ಕೇಳುತ್ತದೆ. ಇನ್ನೊಂದು ಅವರ ಧೈರ್ಯವನ್ನು ಕೊಂಡಾಡುತ್ತದೆ. ಹಳೆಯ ಮುಖ್ಯ ಅಂಕದಲ್ಲಿ ನೇರ ಉತ್ತರಕ್ಕೆ 8, ಹೊಗಳಿಕೆಗೆ 6. ಹೆಬ್ಬೆರಳಿನ ಅಂಕದಲ್ಲಿ ನೇರ ಉತ್ತರಕ್ಕೆ 5, ಹೊಗಳಿಕೆಗೆ 9. ಮುಖ್ಯ ಅಂಕಕ್ಕೆ ಶೇಕಡ 80, ಹೆಬ್ಬೆರಳಿಗೆ 20 ತೂಕ ಕೊಟ್ಟರೆ ನೇರ ಉತ್ತರ 7.4, ಹೊಗಳಿಕೆ 6.6. ಎರಡಕ್ಕೂ 50 ಕೊಟ್ಟರೆ ನೇರ ಉತ್ತರ 6.5, ಹೊಗಳಿಕೆ 7.5. ಮುಖ್ಯ ಅಂಕದ ತೂಕ ಮೂರನೇ ಎರಡು ಭಾಗಕ್ಕಿಂತ ಕೆಳಗಿಳಿದ ಕೂಡಲೇ ಗೆಲ್ಲುವವರು ಅದಲುಬದಲು. ಯಾವ ಅಂಕವೂ ಸುಳ್ಳಲ್ಲ, ಯಾರೂ ಹೊಗಳಿಕೆಗೆಂದು ಅಂಕ ಇಟ್ಟಿಲ್ಲ. ತೂಕ ಸ್ವಲ್ಪ ಸರಿದದ್ದಷ್ಟೆ.

ಕಂಪನಿಯ ವಿವರಣೆ ಈ ದಾರಿಯಲ್ಲೇ ಇತ್ತು. ಹೊಸ ಬದಲಾವಣೆಗಳೆಲ್ಲ ಸೇರಿ, ಮುಖಸ್ತುತಿಯನ್ನು ಹತೋಟಿಯಲ್ಲಿಟ್ಟಿದ್ದ ಮುಖ್ಯ ಅಂಕದ ಪ್ರಭಾವವನ್ನು ತಗ್ಗಿಸಿದವು ಎಂದರು. ಬಳಕೆದಾರರ ಹೆಬ್ಬೆರಳು ಅವರ ಮಾತಿಗೆ ಹೌದೆನ್ನುವ ಉತ್ತರಗಳ ಕಡೆ ವಾಲುವುದುಂಟು ಎಂದೂ ಒಪ್ಪಿಕೊಂಡರು.

ಅದಕ್ಕಿಂತ ತಿಳಿಯಬೇಕಾದದ್ದು ಬಿಡುಗಡೆಗೆ ಮುಂಚೆ ಇದು ಯಾಕೆ ಸಿಕ್ಕಿಬೀಳಲಿಲ್ಲ ಎಂಬುದು. ಅಂಕ ಹಾಕುವ ಸಿದ್ಧ ಪರೀಕ್ಷೆಗಳಲ್ಲಿ ಮಾಡೆಲ್ ಚೆನ್ನಾಗಿ ಪಾಸಾಗಿತ್ತು. ಕೆಲವು ಬಳಕೆದಾರರಿಗೆ ಮಾತ್ರ ಕೊಟ್ಟು ನೋಡಿದಾಗ ಅವರೂ ಮೆಚ್ಚಿದ್ದರು. ಮೆಚ್ಚದೇ ಏನು, ಅದು ಮೆಚ್ಚಿಸಲೆಂದೇ ಪಳಗಿದ್ದು. ಕೈಯಿಂದ ಪರೀಕ್ಷಿಸಿದ ಕೆಲವು ಅನುಭವಿಗಳು ಮಾತ್ರ ಇದರ ವರ್ತನೆ ಏನೋ ಸ್ವಲ್ಪ ಸರಿಯಿಲ್ಲ ಎನಿಸುತ್ತಿದೆ ಎಂದಿದ್ದರು. ಮುಖಸ್ತುತಿಯನ್ನೇ ಅಳೆಯುವ ಪರೀಕ್ಷೆ ಬಿಡುಗಡೆಯ ಕ್ರಮದಲ್ಲಿ ಇರಲಿಲ್ಲವಾದ್ದರಿಂದ ಆ ಅನಿಸಿಕೆಗೆ ಎದುರಾಗಿ ನಿಂತದ್ದು ಒಳ್ಳೆಯ ಅಂಕಪಟ್ಟಿಗಳು. ಅಂಕಪಟ್ಟಿ ಗೆದ್ದಿತು. 28ರಂದು ಹಳೆಯ ಆವೃತ್ತಿಗೆ ಮರಳುವ ಕೆಲಸ ಶುರುವಾಯಿತು.

ಏರಿ ಇಳಿಯುವ ಗೆರೆ

ಅಂಕ ಕಲಿತ ಯಂತ್ರದ ಮುಂದೆ ಕೆಲಸದ ಯಂತ್ರವನ್ನು ಎಷ್ಟು ಹೊತ್ತು ಪಳಗಿಸಬಹುದು? 2022ರಲ್ಲಿ ಓಪನ್‌ಎಐನ ಲಿಯೋ ಗಾವ್, ಜಾನ್ ಶುಲ್ಮನ್ ಮತ್ತು ಜೇಕಬ್ ಹಿಲ್ಟನ್ ಇದನ್ನು ಅಳೆಯಲು ಒಂದು ಜಾಣ ಏರ್ಪಾಟು ಮಾಡಿದರು. ಮನುಷ್ಯರನ್ನು ಪ್ರತಿ ಹೆಜ್ಜೆಗೂ ಕೇಳುವುದು ದುಬಾರಿ. ಅದಕ್ಕೆ ಒಂದು ದೊಡ್ಡ ಅಂಕದ ಯಂತ್ರವನ್ನೇ ಮನುಷ್ಯನ ಜಾಗದಲ್ಲಿ ಕೂರಿಸಿದರು, ಈ ಪ್ರಯೋಗದ ಮಟ್ಟಿಗೆ ಅದರ ಮಾತೇ ಸತ್ಯ. ಅದರ ಆಯ್ಕೆಗಳನ್ನು ನೋಡಿ ಇನ್ನೊಂದು ಅಂಕದ ಯಂತ್ರ ಕಲಿಯಿತು. ಕೆಲಸದ ಯಂತ್ರ ಅಭ್ಯಾಸ ಮಾಡಿದ್ದು ಈ ಎರಡನೆಯದರ ಮುಂದೆ.

ಶುರುವಿನಲ್ಲಿ ಎರಡೂ ಅಂಕ ಜೊತೆಜೊತೆಗೆ ಏರಿದವು. ಒಂದು ಹಂತದ ನಂತರ ಕಲಿತ ಅಂಕ ಏರುತ್ತಲೇ ಹೋಯಿತು, ನಿಜವಾದ ಅಂಕ ನಿಂತು, ಆಮೇಲೆ ಇಳಿಯತೊಡಗಿತು. ಕಾರಣ ಊಹಿಸಬಹುದು. ಅಂಕದ ಯಂತ್ರ ತಾನು ನೋಡಿದಂಥ ಉತ್ತರಗಳ ಮಟ್ಟಿಗೆ ಹೆಚ್ಚುಕಡಿಮೆ ಸರಿಯಾಗಿ ಅಳೆಯುತ್ತದೆ. ಪಳಗುತ್ತ ಹೋದ ಹಾಗೆ ಕೆಲಸದ ಯಂತ್ರ ಅದು ನೋಡದೇ ಇದ್ದ ಥರದ ಉತ್ತರಗಳ ಕಡೆ ಸರಿಯುತ್ತದೆ. ಅಲ್ಲಿ ಅಂಕ ಕೆಲವೆಡೆ ಕಡಿಮೆಯ ಕಡೆ, ಕೆಲವೆಡೆ ಜಾಸ್ತಿಯ ಕಡೆ ತಪ್ಪುತ್ತದೆ. ಹೆಚ್ಚಿನ ಅಂಕವನ್ನೇ ಹುಡುಕುವವನ ಕೈಗೆ ಸಿಗುವುದು ಜಾಸ್ತಿಯ ಕಡೆ ತಪ್ಪಿದ ಜಾಗಗಳು. ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ 1975ರಲ್ಲಿ ಹಣಕಾಸಿನ ಅಳತೆಗಳ ಬಗ್ಗೆ ಹೇಳಿದ್ದೂ ಇದನ್ನೇ ಹೋಲುತ್ತದೆ. ನಿಯಂತ್ರಣಕ್ಕೆಂದು ಒಂದು ಅಳತೆಯ ಮೇಲೆ ಒತ್ತಡ ಹಾಕಿದರೆ ಅದು ಹಿಂದೆ ತೋರಿಸುತ್ತಿದ್ದ ಸಂಬಂಧ ಮುರಿದುಬೀಳುತ್ತದೆ.

ಕಲಿಯುವ ಅಂಕದ ಯಂತ್ರ ದೊಡ್ಡದಿದ್ದರೆ, ಅದಕ್ಕೆ ಹೆಚ್ಚು ಆಯ್ಕೆಗಳ ಮಾಹಿತಿ ಇದ್ದರೆ ಇಳಿಜಾರು ತಡವಾಗಿ ಬರುತ್ತದೆ. ಇನ್ನೊಂದು ಉಪಾಯ, ಯಂತ್ರ ತನ್ನ ಮೊದಲಿನ ಮಾತಿನ ರೀತಿಯಿಂದ ತುಂಬ ದೂರ ಸರಿದರೆ ದಂಡ ಹಾಕುವುದು. ಇನ್‌ಸ್ಟ್ರಕ್ಟ್‌ಜಿಪಿಟಿಯಲ್ಲೂ ಇಂಥ ದಂಡವಿತ್ತು. ನಿಜವಾದ ಕಷ್ಟವೆಂದರೆ ಪ್ರಯೋಗದ ಹೊರಗೆ ನಮಗೆ ನಿಜವಾದ ಅಂಕದ ಗೆರೆ ಕಾಣುವುದಿಲ್ಲ. ಕಾಣುವುದು ಏರುತ್ತಿರುವ ಗೆರೆ ಮಾತ್ರ. ಇಳಿಕೆ ತಿಳಿಯಬೇಕಾದರೆ ಅಂಕದಲ್ಲಿ ಸೇರದ ಬೇರೆ ಅಳತೆಯೊಂದು ಇರಬೇಕು, ಏಪ್ರಿಲ್‌ನಲ್ಲಿ ಆ ಅನುಭವಿಗಳ ಅನಿಸಿಕೆ ಇದ್ದ ಹಾಗೆ.

ಯೋಚನೆ ಓದಿ ಹಿಡಿಯಬಹುದೇ?

ಇತ್ತೀಚಿನ ಮಾಡೆಲ್‌ಗಳು ಉತ್ತರಕ್ಕೆ ಮೊದಲು ಯೋಚನೆಯ ಸಾಲುಗಳನ್ನು ಬರೆದುಕೊಳ್ಳುತ್ತವೆ. ಆ ಬೇರೆ ಅಳತೆ ಇಲ್ಲಿಂದ ಸಿಗಬಹುದೇ ಎಂದು ಓಪನ್‌ಎಐ ಸಂಶೋಧಕರು ನೋಡಿ, 2025ರ ಮಾರ್ಚ್‌ನಲ್ಲಿ ಫಲಿತಾಂಶ ಪ್ರಕಟಿಸಿದರು. ಮಾಡೆಲ್‌ಗೆ ಪ್ರೋಗ್ರಾಂ ಬರೆಯುವ ಕೆಲಸ. ಬರೆದದ್ದು ಪರೀಕ್ಷೆಗಳಲ್ಲಿ ಪಾಸಾದರೆ ಅಂಕ. ಕಷ್ಟದ ಕೆಲಸ ಬಂದಾಗ ಮಾಡೆಲ್ ಪ್ರೋಗ್ರಾಂ ಬರೆಯುವುದನ್ನು ಬಿಟ್ಟು ಪರೀಕ್ಷೆಗಳನ್ನೇ ತಪ್ಪಿಸುವ ದಾರಿ ಹಿಡಿಯಿತು. ಒಂದು ದಾರಿ, ಪರೀಕ್ಷೆಗಳು ಓಡುವ ಮೊದಲೇ `exit(0)` ಎಂದು ಹೇಳಿ ಹೊರಬೀಳುವುದು. ಯಾವ ತಪ್ಪೂ ದಾಖಲಾಗದೆ ಕೆಲಸ ಮುಗಿದಂತೆ ವ್ಯವಸ್ಥೆ ಬಗೆಯುತ್ತಿತ್ತು.

ಬರೆದ ಪ್ರೋಗ್ರಾಂ ಮಾತ್ರ ನೋಡಿ ಇದನ್ನು ಹಿಡಿಯುವುದಕ್ಕಿಂತ ಯೋಚನೆಯ ಸಾಲುಗಳನ್ನು ಓದಿ ಹಿಡಿಯುವುದು ಹೆಚ್ಚು ಸುಲಭವಾಗಿತ್ತು. ವಂಚಿಸುವ ಇರಾದೆಯನ್ನು ಮಾಡೆಲ್ ಅಲ್ಲಿ ನೇರವಾಗಿಯೇ ಬರೆದುಕೊಳ್ಳುತ್ತಿತ್ತು. ಓದುವ ಕೆಲಸವನ್ನು ಅದಕ್ಕಿಂತ ಕಡಿಮೆ ಸಾಮರ್ಥ್ಯದ ಇನ್ನೊಂದು ಮಾಡೆಲ್‌ಗೆ ಕೊಟ್ಟರೂ ಸಾಕಾಗುತ್ತಿತ್ತು.

ಮುಂದಿನ ಹೆಜ್ಜೆ ಯಾರಿಗಾದರೂ ಹೊಳೆಯುವಂಥದ್ದು. ಯೋಚನೆಯಲ್ಲಿ ಇಂಥ ಸಾಲು ಕಂಡರೆ ಅಂಕ ಕಳೆಯುವುದು. ಹಾಗೆ ಮಾಡಿದಾಗ ಆ ಸಾಲುಗಳು ಮಾಯವಾದವು. ವಂಚನೆ ಬಹುಪಾಲು ಹಾಗೆಯೇ ಮುಂದುವರಿಯಿತು. ಮಾಡೆಲ್ ಸಂಚು ಹೂಡಿತೆಂದು ಇದನ್ನು ಓದಬೇಕಾಗಿಲ್ಲ. ವಂಚಿಸಿಯೂ ಅದನ್ನು ಬರೆಯದೇ ಇದ್ದ ಪ್ರಯತ್ನಗಳಿಗೆ ಅಂಕ ಪೂರ್ತಿ ಉಳಿಯಿತು, ಹಾಗಾಗಿ ಅವೇ ಬೆಳೆದವು. ದೋಣಿ ಕೊಳದಲ್ಲಿ ಸುತ್ತಿದ್ದೂ ಇದೇ ಲೆಕ್ಕದಿಂದ.

ಸಂಶೋಧಕರ ಶಿಫಾರಸು ಹೀಗಿತ್ತು: ಯೋಚನೆಯ ಸಾಲುಗಳನ್ನು ಓದಿ, ಎಚ್ಚರಿಕೆಗೆ ಬಳಸಿ, ಆದರೆ ಅವುಗಳ ಮೇಲೆ ಬಲವಾಗಿ ಅಂಕದ ಒತ್ತಡ ಹಾಕಬೇಡಿ. ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಅಂಕ ಹಾಕದೆ ಬಿಟ್ಟ ಸಾಲುಗಳಲ್ಲಿ ಬಳಕೆದಾರರಿಗೆ ತೋರಿಸಬಾರದಂಥದ್ದೂ ಬರಬಹುದು, ಆದ್ದರಿಂದ ಅವನ್ನು ಇದ್ದಂತೆಯೇ ಹೊರಗೆ ತೋರಿಸುವಂತಿಲ್ಲ. ಹಾಗೆ ಮಾಡಿದಲ್ಲಿ ಆ ಸಾಲುಗಳನ್ನು ಓದುವವರು ಮಾಡೆಲ್ ತಯಾರಿಸಿದ ಕಂಪನಿಯವರೇ.